ವಿವರ ಬಿಡಿ, ಅನುಮಾನ ಬಿಡಬೇಡಿ

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಹತ್ತಿರ ಒಂದೇ ಮನೆಯವರು ಒಬ್ಬರ ಹಿಂದೆ ಒಬ್ಬರಂತೆ ಜ್ವರದಿಂದ ತೀರಿಕೊಂಡರು. ಅದು ನಿಪಾ ವೈರಸ್ ಎಂದು ಮೊದಲು ಪತ್ತೆ ಹಚ್ಚಿದ್ದು ನಮ್ಮ ಪಕ್ಕದ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಕೋಯಿಕ್ಕೋಡ್ ಮಂಗಳೂರಿನಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರವಿದೆ. ಆದರೆ ಕಾಸರಗೋಡಿನವರು ಚಿಕಿತ್ಸೆಗೆ ಬರುವುದು ಮಂಗಳೂರಿನ ಆಸ್ಪತ್ರೆಗಳಿಗೆ. ಇಲ್ಲಿನ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಮಲಯಾಳಿ ವಿದ್ಯಾರ್ಥಿಗಳು ಸಾಕಷ್ಟಿದ್ದಾರೆ, ತಲಪಾಡಿ ದಾಟಿ ಬಸ್ಸುಗಳು ದಿನವಿಡೀ ಓಡಾಡುತ್ತವೆ. ಹಾಗಾಗಿ ಸುದ್ದಿ ಮಂಗಳೂರಿಗೆ ತಲುಪಲು ಒಂದು ದಿನವೂ ಬೇಕಾಗಲಿಲ್ಲ. ಸುದ್ದಿಯ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದದ ಫಾರ್ವರ್ಡ್‌ಗಳು ಹೊರಟವು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ಅಪ್ಪ ಅಮ್ಮ ಮಾತ್ರ ಕದ್ರಿಯಲ್ಲೋ ಬಿಜೈಯಲ್ಲೋ ಉಳಿದಿರುವ ಮನೆಗಳು ಈ ಊರಿನಲ್ಲಿ ಕಡಿಮೆಯಿಲ್ಲ. ಅಂಥ ಮನೆಗಳ ಮಕ್ಕಳ ಮುಂದೆ ಆಗ ಬಂದ ಪ್ರಶ್ನೆ ಇಂದಿಗೂ ಹಾಗೇ ಇದೆ. ಮಾರುದ್ದದ, ಅರ್ಧ ನಿಜ ಅರ್ಧ ಗಾಳಿಮಾತಿನ ಒಂದು ಸಂದೇಶವನ್ನು ಹಿರಿಯರಿಗೆ ಓದಿ ತಿಳಿಯುವಷ್ಟು ಚಿಕ್ಕದಾಗಿಸುವುದು ಹೇಗೆ?

ಇದನ್ನು ಬರೀ ಅಕ್ಷರ ಕಡಿಮೆ ಮಾಡುವ ಕೆಲಸ ಎಂದುಕೊಂಡವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ‘ನನ್ನ ಪರಿಚಯದ ಡಾಕ್ಟರೊಬ್ಬರು ಹೇಳಿದ ಪ್ರಕಾರ ಮಂಗಳೂರಿನಲ್ಲೂ ಇಬ್ಬರಿಗೆ ನಿಪಾ ಬಂದಿರಬಹುದಂತೆ’ ಎಂಬ ವಾಕ್ಯವನ್ನು ಚಿಕ್ಕದು ಮಾಡಿ ಎಂದರೆ ಹೆಚ್ಚಿನವರು ‘ಮಂಗಳೂರಿನಲ್ಲೂ ಇಬ್ಬರಿಗೆ ನಿಪಾ’ ಎಂದು ಬರೆಯುತ್ತಾರೆ. ಕತ್ತರಿಗೆ ಮೊದಲು ಸಿಕ್ಕುವುದು ‘ಹೇಳಿದ ಪ್ರಕಾರ’, ‘ಬಂದಿರಬಹುದು’, ‘ಅಂತೆ’. ಇವು ಮಾಹಿತಿಯಂತೆ ಕಾಣುವುದಿಲ್ಲ, ತುಂಬಿಸಲು ಹಾಕಿದ ಮಾತಿನಂತೆ ಕಾಣುತ್ತವೆ. ಆ ವಾಕ್ಯವನ್ನು ಎಷ್ಟು ನಂಬಬಹುದು ಎಂಬ ಸುಳಿವು ಇದ್ದದ್ದು ಮಾತ್ರ ಅವುಗಳಲ್ಲೇ. ಉದ್ದದ ಗಾಳಿಸುದ್ದಿ ತನ್ನ ಸಡಿಲತನದಿಂದಲೇ ಓದುಗನನ್ನು ಸ್ವಲ್ಪ ಎಚ್ಚರಿಸುತ್ತದೆ. ಅದನ್ನೇ ಹಿಂಡಿ ಒಂದು ಸಾಲು ಮಾಡಿದರೆ ಅದು ಪತ್ರಿಕೆಯ ತಲೆಬರಹದ ಹಾಗೆ ಗಟ್ಟಿಯಾಗಿ ಕೇಳುತ್ತದೆ. ಆದ್ದರಿಂದ ಚಿಕ್ಕದಾಗಿಸುವಾಗ ಪಾಲಿಸಬೇಕಾದ ಮೊದಲ ನಿಯಮ, ಜಾಗ ಸಾಲದಿದ್ದರೆ ವಿವರವನ್ನು ಬಿಡಿ, ಅನುಮಾನವನ್ನು ಬಿಡಬೇಡಿ ಎಂಬುದು. ಹಿರಿಯರಿಗಾಗಿ ಬರೆಯುವ ಚೀಟಿಯಲ್ಲಿ ‘ಇದು ಖಚಿತವಾಗಿಲ್ಲ’ ಎಂಬ ಗುರುತು ಅಡಿಟಿಪ್ಪಣಿಯಲ್ಲ, ಸುದ್ದಿಯಷ್ಟೇ ಮುಖ್ಯವಾದ ಭಾಗ.

ಬಾಯಿಂದ ಬಾಯಿಗೆ ಹೋದ ಮಾತು ಚಿಕ್ಕದಾಗುತ್ತಾ ಹರಿತವಾಗುತ್ತದೆ ಎಂಬುದು ಹೊಸ ಸಂಗತಿಯಲ್ಲ. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1947ರಲ್ಲಿ ಪ್ರಕಟಿಸಿದ ವದಂತಿಯ ಅಧ್ಯಯನದಲ್ಲಿ ಇದನ್ನೇ ತೋರಿಸಿದ್ದರು. ಒಬ್ಬ ಚಿತ್ರ ನೋಡಿ ವರ್ಣಿಸಬೇಕು, ಕೇಳಿದವನು ಇನ್ನೊಬ್ಬನಿಗೆ ಹೇಳಬೇಕು, ಅವನು ಮತ್ತೊಬ್ಬನಿಗೆ. ಐದಾರು ಮಂದಿಯನ್ನು ದಾಟುವಷ್ಟರಲ್ಲಿ ಹೆಚ್ಚಿನ ವಿವರಗಳು ಉದುರಿಹೋಗಿ, ಉಳಿದ ಕೆಲವು ಇನ್ನಷ್ಟು ಎದ್ದು ಕಾಣುತ್ತಿದ್ದವು, ಕೇಳಿದವರ ನಿರೀಕ್ಷೆಗೆ ಹೊಂದುವಂತೆ ತಿರುಗುತ್ತಿದ್ದವು. ಅದಕ್ಕಿಂತ ಹಿಂದೆ ನಮ್ಮ ದೇಶದಲ್ಲೇ ಜಮುನಾ ಪ್ರಸಾದ್ ಎಂಬ ವಿದ್ವಾಂಸರು 1934ರ ಬಿಹಾರ ಭೂಕಂಪದ ನಂತರದ ಗಾಳಿಸುದ್ದಿಗಳನ್ನು ಸಂಗ್ರಹಿಸಿದ್ದರು. ನೆಲ ನಡುಗಿದ್ದರೂ ಹಾನಿಯಾಗದ ಊರುಗಳಲ್ಲಿ, ಇದಕ್ಕಿಂತ ದೊಡ್ಡ ಅನಾಹುತ ಇನ್ನು ಮುಂದೆ ಇದೆ ಎಂಬ ಮಾತುಗಳು ಹರಡಿದ್ದವು. ಭಯ ಮುಟ್ಟಿತ್ತು, ಭಯಕ್ಕೆ ತಕ್ಕ ಕಾರಣ ಕಣ್ಣೆದುರು ಇರಲಿಲ್ಲ, ಆ ಕೊರತೆಯನ್ನು ಮಾತು ತುಂಬಿತು ಎಂದು ನಂತರದ ಮನಶ್ಶಾಸ್ತ್ರಜ್ಞರು ಅದನ್ನು ಅರ್ಥೈಸಿದರು. ನಿಪಾ ದಿನಗಳ ಮಂಗಳೂರಿನ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ಕಾಯಿಲೆ ಇಲ್ಲಿಗೆ ಬಂದಿರಲಿಲ್ಲ, ಬಂದೀತೆಂಬ ಹೆದರಿಕೆ ಬಂದಿತ್ತು. ಇಂಥ ಹೊತ್ತಿನಲ್ಲಿ ಚಿಕ್ಕದಾಗಿಸುವವನ ಕೈ ತನಗರಿವಿಲ್ಲದೆ ಹೆದರಿಕೆಯ ಕಡೆಗೇ ವಾಲುತ್ತದೆ. ಹತ್ತು ಸಾಲಿನಲ್ಲಿ ಯಾವ ಮೂರು ಉಳಿಯಬೇಕು ಎಂದು ಕೇಳಿದರೆ ಅತಿ ಭಯಂಕರವಾದ ಮೂರನ್ನೇ ಆರಿಸುತ್ತಾನೆ.

ಫೋನಿನ ವ್ಯವಸ್ಥೆಯಿಂದಲೂ ಒಂದು ತೊಡಕಿದೆ. 2018ರ ಜುಲೈಯಲ್ಲಿ, ಅಂದರೆ ನಿಪಾ ಗಲಾಟೆ ತಣ್ಣಗಾದ ಮೇಲೆ, ವಾಟ್ಸ್‌ಆ್ಯಪ್ ದಾಟಿಸಿದ ಸಂದೇಶಗಳ ಮೇಲೆ ‘ಫಾರ್ವರ್ಡ್’ ಎಂಬ ಗುರುತು ತೋರಿಸತೊಡಗಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂಬ ಮಿತಿಯನ್ನೂ ತಂದಿತು. ಈಗ ಹಲವು ಕೈ ದಾಟಿ ಬಂದದ್ದರ ಮೇಲೆ ಎರಡು ಬಾಣದ ಗುರುತು ಬರುತ್ತದೆ. ಆದರೆ ಆ ಸಂದೇಶವನ್ನು ಓದಿ, ತನ್ನ ಮಾತಿನಲ್ಲಿ ಚಿಕ್ಕದಾಗಿ ಟೈಪ್ ಮಾಡಿ ಕಳಿಸಿದ ಕೂಡಲೇ ಬಾಣ ಮಾಯವಾಗುತ್ತದೆ. ಮೂಲ ಗೊತ್ತಿಲ್ಲದೆ ಬಂದ ಮಾತು ಮಗಳ ಹೆಸರಿನಲ್ಲಿ, ಮಗಳ ಫೋಟೋದ ಪಕ್ಕದಲ್ಲಿ ಕೂರುತ್ತದೆ. ಅಮ್ಮ ಅದನ್ನು ಪಕ್ಕದ ಮನೆಯವರಿಗೆ ಹೇಳುವಾಗ ‘ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು’ ಎನ್ನುವುದಿಲ್ಲ, ‘ಮಗಳು ಹೇಳಿದ್ದಾಳೆ’ ಎನ್ನುತ್ತಾರೆ. ಚಿಕ್ಕದಾಗಿಸಿದವರು ಹೀಗೆ ಬೇಡವೆಂದರೂ ಜಾಮೀನುದಾರರಾಗುತ್ತಾರೆ. ಫಾರ್ವರ್ಡ್ ಮಾಡಿದವನಿಗಿಂತ ಚಿಕ್ಕದಾಗಿಸಿ ಬರೆದವನ ಹೊಣೆ ದೊಡ್ಡದಾಗುವುದು ಈ ಕಾರಣಕ್ಕೆ.

ಹಾಗಾದರೆ ಕೆಲಸ ನಡೆಯಬೇಕಾದ ಕ್ರಮ ಯಾವುದು? 2018ರ ನಿಪಾ ದಿನಗಳಲ್ಲಿ ಓಡಾಡಿದ ಮಾತುಗಳನ್ನೇ ಒಟ್ಟು ಸೇರಿಸಿ ಒಂದು ಮಾದರಿ ಸಂದೇಶವನ್ನು ಕಲ್ಪಿಸಿಕೊಳ್ಳೋಣ. ‘ತುರ್ತು ಸೂಚನೆ. ಕೇರಳದಲ್ಲಿ ನಿಪಾದಿಂದ ಜನ ಸಾಯುತ್ತಿದ್ದಾರೆ. ಮಂಗಳೂರಿನ ಆಸ್ಪತ್ರೆಗೂ ಬಂದಿದೆ, ಮುಚ್ಚಿಡುತ್ತಿದ್ದಾರೆ. ಬಾವಲಿಯಿಂದ ಬರುತ್ತದೆ, ಯಾವ ಹಣ್ಣನ್ನೂ ತಿನ್ನಬೇಡಿ. ಬ್ರಾಯ್ಲರ್ ಕೋಳಿಯಲ್ಲೂ ಇದೆ ಎಂದು ಆರೋಗ್ಯ ಇಲಾಖೆಯೇ ಪತ್ರ ಹೊರಡಿಸಿದೆ. ಗಾಳಿಯಲ್ಲಿ ಹರಡುತ್ತದೆ, ಆಸ್ಪತ್ರೆ ಕಡೆ ಹೋಗಲೇಬೇಡಿ. ಇಂಥ ಗುಳಿಗೆ ತಗೊಂಡರೆ ಬರುವುದಿಲ್ಲ. ಎಲ್ಲರಿಗೂ ಕಳಿಸಿ.’ ಈ ಇಡೀ ಸಂದೇಶ ನಿಜವೋ ಸುಳ್ಳೋ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಇದು ಒಂದು ಮಾತಲ್ಲ. ಮೊದಲು ಇದನ್ನು ಒಂದೊಂದಾಗಿ ಬಿಡಿಸಬೇಕು. ಬಿಡಿಸಿದಾಗ ಆರು ಹೇಳಿಕೆಗಳು ಸಿಗುತ್ತವೆ, ಆರರ ನೆಲೆಯೂ ಬೇರೆ ಬೇರೆ. ಗಾಳಿಸುದ್ದಿಯ ಬಲ ಇರುವುದು ಇವುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ. ಮೊದಲನೆಯದು ನಿಜವಾದ್ದರಿಂದ ಉಳಿದ ಐದಕ್ಕೂ ಅದರ ನಂಬಿಕೆ ಪುಕ್ಕಟೆಯಾಗಿ ಸಿಗುತ್ತದೆ.

ಒಂದೊಂದಕ್ಕೂ ಕೇಳಬೇಕಾದದ್ದು, ಇದನ್ನು ತಿಳಿದಿರಲು ಯಾರಿಗೆ ಸಾಧ್ಯ ಎಂಬ ಪ್ರಶ್ನೆ. ಕೇರಳದ ಸಾವುಗಳನ್ನು ಅಲ್ಲಿನ ಆರೋಗ್ಯ ಇಲಾಖೆ ದಿನವೂ ಪ್ರಕಟಿಸುತ್ತಿತ್ತು. ಅದು ಖಚಿತ. ಮಂಗಳೂರಿನ ಆಸ್ಪತ್ರೆಯ ಮಾತಿನಲ್ಲಿ ಒಂದು ಎಳೆ ನಿಜವಿತ್ತು. ಕೇರಳದ ನಂಟಿದ್ದ ಜ್ವರಪೀಡಿತರನ್ನು ಶಂಕಿತರೆಂದು ಪರಿಗಣಿಸಿ ಅವರ ಮಾದರಿಗಳನ್ನು ಮಣಿಪಾಲಕ್ಕೆ ಕಳಿಸಲಾಗಿತ್ತು, ವರದಿಯಲ್ಲಿ ನಿಪಾ ಇಲ್ಲ ಎಂದು ಬಂತು. ಇದನ್ನು ಹೇಳಬಲ್ಲವರು ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ ಮತ್ತು ಪ್ರಯೋಗಾಲಯ. ವಾರ್ಡಿನಲ್ಲಿ ಬೇರಾವುದೋ ಕೆಲಸದಲ್ಲಿರುವ ಪರಿಚಯದವರಲ್ಲ. ‘ಶಂಕಿತ’ ಎಂಬ ಮಾತು ಹಿರಿಯರ ಕಿವಿಗೆ ‘ಬಂದಿದೆ’ ಎಂದೇ ಕೇಳಿಸುತ್ತದೆ. ಆದ್ದರಿಂದ ಚೀಟಿಯಲ್ಲಿ ಆ ಪದದ ಬದಲು ಪರೀಕ್ಷೆ ಆಗಿದೆಯೇ, ಫಲಿತಾಂಶ ಏನು ಎಂಬ ಎರಡು ವಿಷಯ ಇರಬೇಕು. ಕೋಳಿಯ ಪತ್ರ ನಕಲಿ ಎಂದು ಅಧಿಕಾರಿಗಳೇ ಹೇಳಿದರು. ಆದರೂ ಅದು ಅಷ್ಟು ಬೇಗ ಹಬ್ಬಿದ್ದಕ್ಕೆ ಕಾರಣವಿದೆ. 1998-99ರಲ್ಲಿ ಮಲೇಷ್ಯಾದಲ್ಲಿ ಈ ವೈರಸ್ ಮೊದಲು ಕಾಣಿಸಿಕೊಂಡಾಗ ಅದು ಹಂದಿ ಸಾಕುವವರಿಗೆ ಹಂದಿಗಳಿಂದಲೇ ತಗುಲಿತ್ತು. ಸಾಕುಪ್ರಾಣಿಯಿಂದ ಬರುವ ಕಾಯಿಲೆ ಎಂಬ ಹಳೆಯ ನಿಜಕ್ಕೆ ಯಾರೋ ಕೋಳಿಯನ್ನು ಅಂಟಿಸಿದರು. ಗಾಳಿಯ ಮಾತೂ ಹೀಗೇ ಅರ್ಧಸತ್ಯ. ರೋಗಿಯ ತೀರಾ ಹತ್ತಿರ ಇದ್ದು ಆರೈಕೆ ಮಾಡುವವರಿಗೆ, ಕೆಮ್ಮಿನ ಹನಿ ಮತ್ತು ದೇಹದ ಸ್ರಾವದಿಂದ ಅದು ಹರಡುತ್ತದೆ. ಕೇರಳದಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳಲ್ಲಿ, ಪೇರಾಂಬ್ರ ಆಸ್ಪತ್ರೆಯ ನರ್ಸ್ ಲಿನಿ ಅವರು ಪ್ರಾಣ ಕಳೆದುಕೊಂಡದ್ದೂ ಹಾಗೆಯೇ. ಆದರೆ ಕೇರಳದ ರೋಗಿಯ ಉಸಿರು ಗಾಳಿಯಲ್ಲಿ ತೇಲಿ ಮಂಗಳೂರಿಗೆ ಬರುವ ಕಾಯಿಲೆ ಅದಲ್ಲ. ಗುಳಿಗೆಯ ಬಗ್ಗೆ ಹೇಳುವುದಾದರೆ ನಿಪಾಕ್ಕೆ ಆಗ ಅನುಮೋದಿತ ಲಸಿಕೆಯಾಗಲಿ ನಿರ್ದಿಷ್ಟ ಔಷಧವಾಗಲಿ ಇರಲಿಲ್ಲ.

ಇನ್ನುಳಿದದ್ದು ಬಾವಲಿ. ಈ ಇಡೀ ವಿಷಯದಲ್ಲಿ ನಮಗೆ ಹೆಚ್ಚು ಕಲಿಸುವುದು ಅದೇ. ರೋಗ ಮೊದಲು ಕಾಣಿಸಿಕೊಂಡ ಮನೆಯವರ ಬಾವಿಯಲ್ಲಿ ಬಾವಲಿಗಳು ಸಿಕ್ಕಿದ್ದರಿಂದ ಎಲ್ಲರ ಬೆರಳು ಅತ್ತ ತಿರುಗಿತ್ತು. ಮೇ ಕೊನೆಯ ವಾರ ಅವುಗಳ ಪರೀಕ್ಷಾ ವರದಿ ಬಂದಾಗ ವೈರಸ್ ಇರಲಿಲ್ಲ. ಆ ಕೂಡಲೇ ‘ಬಾವಲಿ ಕಾರಣವಲ್ಲ’ ಎಂಬ ಹೊಸ ಫಾರ್ವರ್ಡ್ ಹುಟ್ಟಿತು. ಬಾವಲಿ ತಿಂದು ಬಿಟ್ಟದ್ದೆಂದು ಹೇಳಿ ಹಣ್ಣು ತಿಂದು ತೋರಿಸಿದ ವಿಡಿಯೋ ಕೂಡ ಆ ದಿನಗಳಲ್ಲಿ ಹರಿದಾಡಿತ್ತು. ಆದರೆ ಬಾವಿಯಲ್ಲಿದ್ದವು ಹುಳಹುಪ್ಪಟೆ ತಿನ್ನುವ ಜಾತಿಯವು. ನಿಪಾ ಇರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ. ಆ ಜಾತಿಯ ಬಾವಲಿಗಳ ಮಾದರಿಗಳಲ್ಲಿ ವೈರಸ್ ಸಿಕ್ಕಿದೆ ಎಂದು ಜುಲೈ ಹೊತ್ತಿಗೆ ಪ್ರಕಟವಾಯಿತು. ಈಗ ಮೇ 26ರಂದು ಚೀಟಿ ಬರೆಯಲು ಕೂತವರನ್ನು ನೆನೆಯಿರಿ. ‘ಬಾವಲಿಯಿಂದ ಬಂದದ್ದು ಖಚಿತ’ ಎಂದು ಬರೆದಿದ್ದರೆ ಆ ದಿನದ ಆಧಾರ ಅದಕ್ಕೆ ಸಾಲುತ್ತಿರಲಿಲ್ಲ. ‘ಬಾವಲಿಯ ಮಾತು ಸುಳ್ಳು’ ಎಂದು ಬರೆದಿದ್ದರೆ ಒಂದೂವರೆ ತಿಂಗಳಲ್ಲಿ ತಾವೇ ಸುಳ್ಳಾಗುತ್ತಿದ್ದರು. ಆ ದಿನಕ್ಕೆ ಸರಿಯಾಗಿದ್ದ ಉತ್ತರ ಒಂದೇ, ಇನ್ನೂ ಯಾರಿಗೂ ತಿಳಿದಿಲ್ಲ, ಹುಡುಕುತ್ತಿದ್ದಾರೆ ಎಂಬುದು. ಪರಿಶೀಲನೆಯಾಗದ ಮಾತು ಬೇರೆ, ಸುಳ್ಳು ಬೇರೆ ಎಂಬ ಭೇದ ಇಲ್ಲಿ ಶಾಸ್ತ್ರಕ್ಕಾಗಿ ಮಾಡಿದ್ದಲ್ಲ. ಅದನ್ನು ಮರೆತವರು ಎರಡು ಕಡೆಯಲ್ಲೂ ತಪ್ಪಿದರು.

ಪರಿಶೀಲನೆಯಾಗದ್ದರಲ್ಲೂ ಎರಡು ಬಗೆಯಿದೆ ಎಂಬುದನ್ನು ಬಾವಲಿ ಮತ್ತು ಗುಳಿಗೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಬಾವಲಿಯ ವಿಷಯದಲ್ಲಿ ಬಲ್ಲವರೇ ಉತ್ತರಕ್ಕೆ ಕಾಯುತ್ತಿದ್ದರು. ಗುಳಿಗೆಯ ವಿಷಯದಲ್ಲಿ ಹಾಗಿರಲಿಲ್ಲ. ಯಾರೋ ಒಂದು ಹೇಳಿಕೆ ಎಸೆದಿದ್ದರು, ಅದರ ಹಿಂದೆ ಹೋದರೆ ಯಾವ ಆಧಾರವೂ ಸಿಗುತ್ತಿರಲಿಲ್ಲ. ಮೊದಲನೆಯದಕ್ಕೆ ‘ಇನ್ನೂ ತಿಳಿದಿಲ್ಲ’ ಎಂಬ ಗುರುತು, ಎರಡನೆಯದಕ್ಕೆ ‘ಆಧಾರ ಸಿಕ್ಕಿಲ್ಲ’ ಎಂಬ ಗುರುತು ಸಲ್ಲಬೇಕು. ಎರಡಕ್ಕೂ ಒಂದೇ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಗುಳಿಗೆ ಮಾರುವವನಿಗೆ ವಿಜ್ಞಾನಿಯ ಪಕ್ಕದಲ್ಲಿ ಕುರ್ಚಿ ಕೊಟ್ಟಂತಾಗುತ್ತದೆ. ಇಷ್ಟೆಲ್ಲ ಬಿಡಿಸಿದ ಮೇಲೆ ಚೀಟಿ ಹೀಗಿರಬಹುದು.

‘26 ಮೇ 2018ರ ಮಟ್ಟಿಗೆ ತಿಳಿದದ್ದು. ಖಚಿತ: ಕೋಯಿಕ್ಕೋಡ್ ಕಡೆ ನಿಪಾ ಜ್ವರದಿಂದ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದಾರೆ. ಮಂಗಳೂರಿನಲ್ಲಿ ಸಂಶಯ ಬಂದವರ ಪರೀಕ್ಷೆ ಆಗಿದೆ, ನಿಪಾ ಅಲ್ಲ ಎಂದು ವರದಿ ಬಂದಿದೆ, ಇದು ಆರೋಗ್ಯ ಇಲಾಖೆಯ ಮಾತು. ಮಾಡಬೇಕಾದದ್ದು: ಹಕ್ಕಿಯೋ ಬಾವಲಿಯೋ ಕಚ್ಚಿದ ಹಣ್ಣು ಬಿಸಾಡಿ. ಒಳ್ಳೆಯ ಹಣ್ಣನ್ನು ತೊಳೆದು ಸಿಪ್ಪೆ ತೆಗೆದು ತಿನ್ನಿ. ಕೋಳಿಯನ್ನು ಎಂದಿನಂತೆ ಚೆನ್ನಾಗಿ ಬೇಯಿಸಿ ತಿನ್ನಬಹುದು. ಬಿಪಿ, ಶುಗರ್ ತಪಾಸಣೆಗೆ ಹೋಗುವುದನ್ನು ತಪ್ಪಿಸಬೇಡಿ. ಇನ್ನೂ ತಿಳಿದಿಲ್ಲ: ಕೇರಳದಲ್ಲಿ ರೋಗ ಎಲ್ಲಿಂದ ಶುರುವಾಯಿತು ಎಂಬುದು. ಬಾವಲಿಯ ಮೇಲೆ ಸಂಶಯವಿದೆ, ಮೊದಲ ಪರೀಕ್ಷೆಯಲ್ಲಿ ಸಿಕ್ಕಿಲ್ಲ, ಹುಡುಕುತ್ತಿದ್ದಾರೆ. ಆಧಾರ ಸಿಕ್ಕಿಲ್ಲ: ನಿಪಾ ತಡೆಯುವ ಗುಳಿಗೆ ಇದೆ ಎಂಬ ಮಾತಿಗೆ. ತಗೊಳ್ಳುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಜ್ವರ ಬಂದರೆ ನನಗೆ ಫೋನ್ ಮಾಡಿ, ಇಲ್ಲವೇ 104ಕ್ಕೆ.’

ಈ ಚೀಟಿಯಲ್ಲಿ ಬಿಟ್ಟದ್ದು ಬಹಳ. ವೈರಸ್ಸಿನ ಚರಿತ್ರೆ, ಮಲೇಷ್ಯಾ, ಸಾವಿನ ಪ್ರಮಾಣ, ನಕಲಿ ಪತ್ರದ ಕಥೆ ಯಾವುದೂ ಇಲ್ಲ. ಉಳಿಸಿದ್ದು ದಿನಾಂಕ, ಯಾರ ಮಾತು ಎಂಬುದು, ಮತ್ತು ಪ್ರತಿ ಸಾಲಿನ ತೂಕ. ಗುರುತುಗಳು ಪದಗಳಲ್ಲೇ ಇವೆ, ಹಸಿರು ಟಿಕ್ ಅಥವಾ ಕೆಂಪು ಗುಣಾಕಾರ ಚಿಹ್ನೆಗಳಲ್ಲಿ ಇಲ್ಲ. ಹಿರಿಯರು ಇದನ್ನು ಜೋರಾಗಿ ಓದುತ್ತಾರೆ, ಕನ್ನಡಕ ಸಿಗದಿದ್ದರೆ ಮೊಮ್ಮಕ್ಕಳಿಂದ ಓದಿಸಿಕೊಳ್ಳುತ್ತಾರೆ, ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಇನ್ನೊಬ್ಬರಿಗೆ ಹೇಳುತ್ತಾರೆ. ಚಿತ್ರದ ಗುರುತು ಬಾಯಿಗೆ ಬರುವುದಿಲ್ಲ, ‘ಇನ್ನೂ ತಿಳಿದಿಲ್ಲ’ ಎಂಬ ಮಾತು ಬರುತ್ತದೆ. ಗುರುತು ಸಾಲಿನ ಮೊದಲಲ್ಲೇ ಇರಬೇಕಾದದ್ದಕ್ಕೂ ಇದೇ ಕಾರಣ. ಕೊನೆಯಲ್ಲಿ ‘ಮೇಲಿನವುಗಳಲ್ಲಿ ಕೆಲವು ಖಚಿತವಾಗಿಲ್ಲ’ ಎಂದು ಬರೆದರೆ ಯಾವುದು ಎಂಬುದು ಯಾರಿಗೂ ತಿಳಿಯುವುದಿಲ್ಲ, ಒಂದು ಸಾಲನ್ನಷ್ಟೇ ಕಿತ್ತು ಹೇಳಿದವರ ಜೊತೆ ಎಚ್ಚರಿಕೆ ಹೋಗುವುದೂ ಇಲ್ಲ.

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಗಾಳಿಸುದ್ದಿಯನ್ನು ‘ಖಚಿತವಿಲ್ಲ’ ಎಂದು ಬರೆದು ಕಳಿಸಿದರೂ ಅದನ್ನು ಮತ್ತೊಮ್ಮೆ ಹೇಳಿದಂತೆಯೇ ಆಗಲಿಲ್ಲವೇ? ಈ ಅನುಮಾನಕ್ಕೆ ಸಂಶೋಧನೆಯ ಬೆಂಬಲವಿದೆ. 2005ರಲ್ಲಿ ಇಯಾನ್ ಸ್ಕರ್ನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಹಿರಿಯರಿಗೆ ಕೆಲವು ಹೇಳಿಕೆಗಳನ್ನು ‘ಇದು ಸುಳ್ಳು’ ಎಂಬ ಸೂಚನೆಯೊಂದಿಗೆ ತೋರಿಸಲಾಯಿತು, ಕೆಲವನ್ನು ಒಮ್ಮೆ, ಕೆಲವನ್ನು ಮೂರು ಬಾರಿ. ಸ್ವಲ್ಪ ಹೊತ್ತಿನ ನಂತರ ಕೇಳಿದಾಗ ಮೂರು ಬಾರಿ ಹೇಳಿದ್ದರಿಂದ ಅನುಕೂಲವೇ ಆಗಿತ್ತು. ಮೂರು ದಿನ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಮೂರು ಬಾರಿ ಸುಳ್ಳೆಂದು ಎಚ್ಚರಿಸಿದ ಹೇಳಿಕೆಗಳನ್ನೇ ಅವರು ಹೆಚ್ಚಾಗಿ ನಿಜವೆಂದು ನೆನಪಿಟ್ಟುಕೊಂಡಿದ್ದರು. ಎಲ್ಲೋ ಕೇಳಿದ್ದೇನೆ ಎಂಬ ಪರಿಚಯ ಉಳಿದಿತ್ತು, ಸುಳ್ಳು ಎಂಬ ಅಂಟುಚೀಟಿ ಉದುರಿತ್ತು. ಎಚ್ಚರಿಕೆ ಯಾವಾಗಲೂ ಹೀಗೆ ತಿರುಗಿಬೀಳುತ್ತದೆ ಎಂಬುದನ್ನು ಆಮೇಲಿನ ಅಧ್ಯಯನಗಳು ಒಪ್ಪಿಲ್ಲ. ಆದರೂ ತಿದ್ದುಪಡಿಯ ನೆನಪು ವಯಸ್ಸಾದವರಲ್ಲಿ ಬೇಗ ಮಾಸುತ್ತದೆ ಎಂಬ ಮಾತು ಉಳಿದುಕೊಂಡಿದೆ.

ಆದ್ದರಿಂದಲೇ ಮೇಲಿನ ಚೀಟಿಯಲ್ಲಿ ‘ಕೋಳಿಯಿಂದ ನಿಪಾ ಬರುತ್ತದೆ ಎಂಬುದು ಸುಳ್ಳು’ ಎಂಬ ವಾಕ್ಯವಿಲ್ಲ. ‘ಕೋಳಿಯನ್ನು ಎಂದಿನಂತೆ ಚೆನ್ನಾಗಿ ಬೇಯಿಸಿ ತಿನ್ನಬಹುದು’ ಎಂದಿದೆ. ಮೂರು ದಿನ ಕಳೆದು ವಾಕ್ಯದ ಅರ್ಧ ಮರೆತರೂ ಮೊದಲನೆಯದರಲ್ಲಿ ಉಳಿಯುವುದು ‘ಕೋಳಿ, ನಿಪಾ’, ಎರಡನೆಯದರಲ್ಲಿ ಉಳಿಯುವುದು ‘ಕೋಳಿ, ತಿನ್ನಬಹುದು’. ಸುಳ್ಳೆಂದು ಖಚಿತವಾದ ಮಾತನ್ನು ಅಲ್ಲಗಳೆಯುವುದಕ್ಕಿಂತ ಅದರ ಜಾಗದಲ್ಲಿ ನಿಜವನ್ನು ಕೂರಿಸುವುದು ಮೇಲು. ಆದರೆ ನಿಜ ಏನೆಂದು ಇನ್ನೂ ಗೊತ್ತಿಲ್ಲದ ಕಡೆ ಈ ದಾರಿ ಇಲ್ಲ. ಅಲ್ಲಿ ಗೊತ್ತಿಲ್ಲ ಎಂಬುದನ್ನೇ ಹೇಳಬೇಕು, ಒಮ್ಮೆ ಮಾತ್ರ ಹೇಳಬೇಕು. ಗುಳಿಗೆಯ ಸಾಲಿನಲ್ಲಿ ಅದರ ಹೆಸರನ್ನು ಹಾಕದಿರುವುದೂ ಇದಕ್ಕಾಗಿಯೇ. ಹೆಸರು ಬರೆದರೆ ಎಚ್ಚರಿಕೆ ಮರೆತುಹೋಗಿ ಹೆಸರು ಮಾತ್ರ ಮೆಡಿಕಲ್ ಶಾಪಿನ ತನಕ ಹೋಗುತ್ತದೆ.

ಅಷ್ಟು ಅಪಾಯವಿದ್ದರೆ ಖಚಿತವಾದದ್ದನ್ನಷ್ಟೇ ಕಳಿಸಿ, ಉಳಿದದ್ದನ್ನು ಅಳಿಸಿಬಿಟ್ಟರೆ ಆಗದೇ ಎಂದು ಇನ್ನು ಕೆಲವರು ಕೇಳುತ್ತಾರೆ. ಹಿರಿಯರು ಈ ಸುದ್ದಿಯನ್ನು ಮಗನಿಂದ ಮಾತ್ರ ಕೇಳುತ್ತಾರೆ ಎಂದಿದ್ದರೆ ಆಗಬಹುದಿತ್ತು. ಅವರು ಅದನ್ನು ಮೀನು ಮಾರ್ಕೆಟಿನಲ್ಲಿ, ಸಿಟಿ ಬಸ್ಸಿನಲ್ಲಿ, ದೇವಸ್ಥಾನದ, ಮಸೀದಿಯ, ಇಗರ್ಜಿಯ ಅಂಗಳದಲ್ಲಿ, ಇನ್ನೂ ನಾಲ್ಕು ಗ್ರೂಪುಗಳಲ್ಲಿ ಕೇಳಿಯೇ ಇರುತ್ತಾರೆ. ಆ ವರ್ಷ ರಂಜಾನ್ ಉಪವಾಸ ಮೇ ಮಧ್ಯದಲ್ಲಿ ಶುರುವಾಗಿತ್ತು. ಸಂಜೆ ಉಪವಾಸ ಬಿಡುವ ಮನೆಗಳಲ್ಲಿ ಹಣ್ಣು ತರುವುದೋ ಬೇಡವೋ ಎಂಬುದು ದಿನದ ಪ್ರಶ್ನೆಯಾಗಿತ್ತು, ಮಾವಿನ ಕಾಲವೂ ಅದೇ. ಚೀಟಿ ಬಾವಲಿಯ ಬಗ್ಗೆ ಬಾಯಿ ಬಿಡದಿದ್ದರೆ ಓದಿದವರು ‘ಇವನಿಗೆ ಗೊತ್ತೇ ಇಲ್ಲ’ ಎಂದುಕೊಂಡು ಮಾರ್ಕೆಟಿನ ಮಾತನ್ನೇ ನಂಬುತ್ತಾರೆ. ಹಾಗೆಂದು ಬಂದದ್ದನ್ನೆಲ್ಲ ಸೇರಿಸಬೇಕಾಗಿಲ್ಲ. ಒಂದು ಮಾತನ್ನು ನಂಬಿದರೆ ಅಥವಾ ನಂಬದಿದ್ದರೆ ಅವರು ಇಂದು ಮಾಡುವ ಕೆಲಸ ಬದಲಾಗುತ್ತದೆಯೇ ಎಂದು ಕೇಳಿ ನೋಡಿದರೆ ಸಾಕು. ಹಣ್ಣು, ಕೋಳಿ, ಗುಳಿಗೆ, ಆಸ್ಪತ್ರೆಗೆ ಹೋಗುವುದು ಇವು ಒಳಗೆ ಬರುತ್ತವೆ. ‘ಮುಚ್ಚಿಡುತ್ತಿದ್ದಾರೆ’ ಎಂಬ ಆರೋಪ ಹೊರಗೆ ಹೋಗುತ್ತದೆ. ಅದನ್ನು ಕೇಳಿ ಅವರು ಮಾಡುವಂಥದ್ದು ಏನೂ ಇಲ್ಲ, ಹೆದರುವುದನ್ನು ಬಿಟ್ಟು.

ಈ ಪದ್ಧತಿಗೂ ಒಂದು ಗಡಿ ಇದೆ. ಅದೇ ಮೇ ತಿಂಗಳಲ್ಲಿ ರಾಜ್ಯದಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿಯೂ ಹರಡಿತ್ತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಕಳ್ಳನೆಂದು ಬಗೆದು ಗುಂಪು ಹೊಡೆದು ಕೊಂದಿತು. ಒಬ್ಬ ವ್ಯಕ್ತಿಯತ್ತ, ಒಂದು ಸಮುದಾಯದತ್ತ, ಹೊರಗಿನಿಂದ ಬಂದವರತ್ತ ಬೆರಳು ತೋರಿಸುವ ಮಾತಿಗೆ ‘ಇನ್ನೂ ತಿಳಿದಿಲ್ಲ’ ಎಂಬ ಗುರುತು ಸಾಲುವುದಿಲ್ಲ. ಹಣ್ಣಿನ ಮೇಲಿನ ತಪ್ಪು ಅನುಮಾನದಿಂದ ವ್ಯಾಪಾರಿಗೆ ನಷ್ಟವಾಗುತ್ತದೆ, ಮನುಷ್ಯನ ಮೇಲಿನ ತಪ್ಪು ಅನುಮಾನದಿಂದ ಜೀವ ಹೋಗುತ್ತದೆ. ಅಂಥ ಮಾತನ್ನು ಚಿಕ್ಕದಾಗಿಸಿ ಗುರುತು ಹಾಕಿ ದಾಟಿಸುವುದಲ್ಲ, ಪೊಲೀಸರಿಗೆ ತಿಳಿಸಿ ಅಲ್ಲಿಗೇ ನಿಲ್ಲಿಸಬೇಕು. ಅನುಮಾನದ ಗುರುತು ಓದುವವರು ಯೋಚಿಸಿ ತೀರ್ಮಾನಿಸುವ ಕಡೆ ಮಾತ್ರ ಕೆಲಸ ಮಾಡುತ್ತದೆ. ಗುಂಪು ಯೋಚಿಸುವುದಿಲ್ಲ.

ಹಿರಿಯರಿಗೆ ಹೀಗೆ ಸೋಸಿ ತಿನ್ನಿಸುವುದು ಅವರನ್ನು ಮಕ್ಕಳಂತೆ ಕಂಡಂತಲ್ಲವೇ ಎಂಬ ಆಕ್ಷೇಪಕ್ಕೂ ತೂಕವಿದೆ. ಸಿಡುಬನ್ನು, ಕಾಲರಾವನ್ನು ಕಂಡವರಿಗೆ ಕಾಯಿಲೆಯ ಬಗ್ಗೆ ನಾವು ಪಾಠ ಹೇಳುವುದು ಸೊಕ್ಕಿನ ಮಾತಾದೀತು. ಆದರೆ ಗುರುತು ಹಾಕುವುದು ತೀರ್ಪು ಕೊಡುವುದಲ್ಲ. ‘ಇದನ್ನು ನಂಬಬೇಡಿ’ ಎನ್ನುವ ಚೀಟಿ ಅವರ ಪರವಾಗಿ ತೀರ್ಮಾನ ಮಾಡುತ್ತದೆ. ‘ಇದು ಆರೋಗ್ಯ ಇಲಾಖೆಯ ಮಾತು, ಇದಕ್ಕೆ ಆಧಾರ ಸಿಕ್ಕಿಲ್ಲ’ ಎನ್ನುವ ಚೀಟಿ ತೀರ್ಮಾನವನ್ನು ಅವರಿಗೇ ಬಿಟ್ಟು, ತೂಗಲು ಬೇಕಾದ್ದನ್ನು ಮಾತ್ರ ಕೊಡುತ್ತದೆ. ಮೂಲ ಸಂದೇಶ ಬೇಕೆಂದರೆ ಅದನ್ನೂ ಕೊಡಬೇಕು, ಅದಕ್ಕಿರುವ ಫಾರ್ವರ್ಡ್ ಬಾಣದ ಸಮೇತ. ಪರಿಶೀಲಿಸಲು ನೀನೇನು ಡಾಕ್ಟರೋ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒಂದು ಮಾತು ಸುಳ್ಳೆಂದು ಹೇಳಲು ಬಲ್ಲವರ ಬಲ ಬೇಕು. ಎಲ್ಲಿ ಹುಡುಕಿದೆ, ಯಾರು ಏನು ಹೇಳಿದರು, ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂದು ಹೇಳಲು ಪ್ರಾಮಾಣಿಕತೆ ಇದ್ದರೆ ಸಾಕು.

ಕೊನೆಯದಾಗಿ, ಗುರುತು ಹಾಕುವವರು ಬೀಳುವ ಇನ್ನೊಂದು ಹಳ್ಳವಿದೆ. ತಮ್ಮ ಮೇಲೆ ಹೊಣೆ ಬಾರದಿರಲಿ ಎಂದು ಎಲ್ಲ ಸಾಲಿಗೂ ‘ಖಚಿತವಿಲ್ಲ’ ಎಂದು ಬರೆದುಬಿಡುವುದು. ಎಲ್ಲವೂ ಖಚಿತವಿಲ್ಲ ಎಂದಾದರೆ ಹಿರಿಯರು ಹೆದರಿಕೆಯನ್ನೇ ಆರಿಸುತ್ತಾರೆ, ಮನೆಯಿಂದ ಹೊರಗೆ ಕಾಲಿಡುವುದಿಲ್ಲ, ವೆನ್‌ಲಾಕ್‌ನಲ್ಲೋ ಮತ್ತೊಂದು ಆಸ್ಪತ್ರೆಯಲ್ಲೋ ಇದ್ದ ತಪಾಸಣೆಯ ದಿನ ತಪ್ಪುತ್ತದೆ. ನಿಪಾ ಬಾರದ ಊರಿನಲ್ಲಿ ನಿಪಾದ ಭಯಕ್ಕೆ ಶುಗರ್ ಏರುವುದು ಆಗ ನಿಜವಾದ ಅಪಾಯ. ಹಾಗಾಗಿ ಗುರುತಿನ ಜೊತೆಗೆ ತಪ್ಪಿದರೆ ಆಗುವ ನಷ್ಟವನ್ನೂ ತೂಗಬೇಕು. ಕಚ್ಚಿದ ಹಣ್ಣನ್ನು ಬಿಸಾಡಿದರೆ ಹೋಗುವುದು ಒಂದು ಹಣ್ಣು, ಬಾವಲಿಯ ಪ್ರಶ್ನೆ ಬಗೆಹರಿಯುವ ತನಕ ಕಾಯಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಲು ಮಾತ್ರ ಬಲವಾದ ಆಧಾರ ಬೇಕು, ಅದು ಇರಲಿಲ್ಲ. ಇಷ್ಟು ಮಾಡಿದ ಮೇಲೂ ಚೀಟಿಯ ಕೆಲಸ ಮುಗಿಯುವುದಿಲ್ಲ. ಮೇ 26ರಂದು ‘ಇನ್ನೂ ತಿಳಿದಿಲ್ಲ’ ಎಂದು ಬರೆದವರು ಜುಲೈಯಲ್ಲಿ ‘ಈಗ ತಿಳಿದಿದೆ, ಹಣ್ಣು ತಿನ್ನುವ ಬಾವಲಿಗಳಲ್ಲಿ ವೈರಸ್ ಸಿಕ್ಕಿದೆ’ ಎಂದು ಎರಡನೇ ಚೀಟಿ ಕಳಿಸಬೇಕು. ‘ತಿಳಿದಿಲ್ಲ’ ಎಂಬ ಗುರುತು, ತಿಳಿದಾಗ ಹೇಳುತ್ತೇನೆ ಎಂಬ ಮಾತು ಕೊಟ್ಟಂತೆ. ಆ ಮಾತನ್ನು ಉಳಿಸಿಕೊಂಡವರ ಮುಂದಿನ ಚೀಟಿಯನ್ನು ಹಿರಿಯರು ಮಾರ್ಕೆಟಿನ ಮಾತಿಗಿಂತ ಮೊದಲು ನಂಬುತ್ತಾರೆ, ಯಾಕೆಂದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳುವವರು ಇವರು ಎಂಬುದು ಅಷ್ಟರಲ್ಲಿ ಅವರಿಗೆ ಮನದಟ್ಟಾಗಿರುತ್ತದೆ.